ಕ್ಯಾಲೆಂಡರಿನಲ್ಲಿ ಕಾಣದ ಕೆಲಸದ ಲೆಕ್ಕ

ದೊಡ್ಡ ಕಂಪನಿಗಳ ಮುಖ್ಯಸ್ಥರ ಹೊತ್ತು ಎಲ್ಲಿ ಹೋಗುತ್ತದೆ ಎಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೋಹ್ರಿಯಾ ಅಳೆದು ನೋಡಿದ್ದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 27 ಮಂದಿ ಸಿ.ಇ.ಒ.ಗಳಿದ್ದರು. ಒಬ್ಬೊಬ್ಬರದೂ 13 ವಾರಗಳ ಲೆಕ್ಕ, ಅದೂ ಹದಿನೈದು ಹದಿನೈದು ನಿಮಿಷಕ್ಕೆ ಒಂದು ನಮೂದು. ಎಲ್ಲ ಸೇರಿ ಸುಮಾರು 60,000 ಗಂಟೆಗಳ ದಾಖಲೆ. ಒಬ್ಬ ಸಿ.ಇ.ಒ. ವಾರಕ್ಕೆ ಸರಾಸರಿ 37 ಮೀಟಿಂಗ್‌ಗಳಲ್ಲಿ ಕೂರುತ್ತಾರೆ, ಕೆಲಸದ ಹೊತ್ತಿನಲ್ಲಿ ಶೇ 72ರಷ್ಟು ಮೀಟಿಂಗಿಗೇ ಹೋಗುತ್ತದೆ ಎಂಬ ಅಂಕಿಗಳು ಅದರಿಂದ ಹೊರಬಂದವು.

ಆ ಹದಿನೈದು ನಿಮಿಷಗಳನ್ನು ದಾಖಲಿಸಿದವರು ಸಿ.ಇ.ಒ.ಗಳಲ್ಲ, ಅವರ ಎಕ್ಸಿಕ್ಯುಟಿವ್ ಅಸಿಸ್ಟೆಂಟ್‌ಗಳು, ಅಂದರೆ ಇ.ಎ.ಗಳು. ಅಧ್ಯಯನಕ್ಕಾಗಿ ಅವರಿಗೆ ತರಬೇತಿ ಕೊಟ್ಟು ನಮೂದು ಮಾಡಿಸಲಾಯಿತು. ಮುಖ್ಯಸ್ಥರ ಹೊತ್ತಿನ ಲೆಕ್ಕ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಆ 37 ಮೀಟಿಂಗ್‌ಗಳು ನಿಗದಿಯಾದ ಹೊತ್ತಿಗೆ ನಡೆಯಲು ಎಷ್ಟು ಸಲ ಸಮಯ ಬದಲಾಯಿತು, ಯಾರು ಎಷ್ಟು ಫೋನು ಮಾಡಿದರು ಎಂಬ ಲೆಕ್ಕ ಆ ಅಧ್ಯಯನದ ವಸ್ತುವಾಗಿರಲಿಲ್ಲ.

ಹಿಂದೆ ಈ ಕೆಲಸದವರ ಬಳಿ ಒಂದು ಸಂಖ್ಯೆ ಇತ್ತು. ನಮ್ಮಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿ, ಶಾರ್ಟ್‌ಹ್ಯಾಂಡ್ ಕಲಿತ ಸ್ಟೆನೋಗ್ರಾಫರ್ ಸಂದರ್ಶನಕ್ಕೆ ಬಂದರೆ ನಿಮಿಷಕ್ಕೆ ಎಷ್ಟು ಪದ ಎಂಬುದನ್ನು ಪ್ರಮಾಣಪತ್ರವೇ ಹೇಳುತ್ತಿತ್ತು. ಸಂದೇಹವಿದ್ದರೆ ಅಲ್ಲೇ ಒಂದು ಪ್ಯಾರಾ ಓದಿ ಬರೆಸಿ ನೋಡಬಹುದಿತ್ತು. ಈಗಿನ ಇ.ಎ.ಯ ಕೆಲಸ ಅದಕ್ಕಿಂತ ಎಷ್ಟೋ ಹಿಗ್ಗಿದೆ. ಅಳತೆ ಮಾತ್ರ ಹಿಂದೆಯೇ ಉಳಿದುಹೋಯಿತು. ಕಚೇರಿ ಹುದ್ದೆಗಳ ನೇಮಕಾತಿಯಲ್ಲಿ ಕೆಲಸ ಮಾಡುವ ನಾನು ನೋಡುವ ಪ್ರೊಫೈಲ್‌ಗಳೆಲ್ಲ ಅಚ್ಚಿನಲ್ಲಿ ಹಾಕಿ ತೆಗೆದಂತೆ ಇರುತ್ತವೆ: ಕ್ಯಾಲೆಂಡರ್ ಮ್ಯಾನೇಜ್‌ಮೆಂಟ್, ಟ್ರಾವೆಲ್, ವೆಂಡರ್ ಕೋಆರ್ಡಿನೇಷನ್, ಗೋಪ್ಯತೆ ಕಾಪಾಡುವುದು. ಹತ್ತು ವರ್ಷ ಕಚೇರಿಯೊಂದನ್ನು ಹೊತ್ತು ನಡೆಸಿದವರದೂ ಇದೇ, ನಿನ್ನೆ ಸೇರಿದವರದೂ ಇದೇ. ಸ್ವಲ್ಪ ಚುರುಕಾದವರು ಸಂಖ್ಯೆ ಹಾಕುತ್ತಾರೆ, 'ವರ್ಷಕ್ಕೆ 1,400 ಮೀಟಿಂಗ್ ನಿಭಾಯಿಸಿದೆ' ಎಂದು. ಅದರಿಂದ ಆ ಮುಖ್ಯಸ್ಥರಿಗೆ ಮೀಟಿಂಗ್ ಜಾಸ್ತಿ ಎಂದು ಗೊತ್ತಾಗುತ್ತದೆ, ಇ.ಎ. ಏನು ಮಾಡಿದರು ಎಂದು ಗೊತ್ತಾಗುವುದಿಲ್ಲ.

ನನಗೆ ಪರಿಚಯದ ಒಬ್ಬರು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಂಪನಿಯೊಂದರ ಎಂ.ಡಿ.ಯವರಿಗೆ ಇ.ಎ. ಆಗಿದ್ದಾರೆ. ಕೆಲಸ ಬದಲಿಸುವ ಯೋಚನೆ ಬಂದಾಗ ತಮ್ಮ ಪ್ರೊಫೈಲ್ ತೋರಿಸಿದರು. ಅದೂ ಮೇಲಿನ ಅಚ್ಚಿನದೇ. ಆಮೇಲಿನ ತಿಂಗಳುಗಳಲ್ಲಿ ಅವರು ತಮ್ಮ ಕೆಲಸವನ್ನು ಅಳೆದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಕೆಲವು ವಿವರ, ಅಂಕಿಗಳನ್ನು ಬದಲಿಸಿದ್ದೇನೆ. ಲೆಕ್ಕದ ದಾರಿ ಅವರದೇ.

ಮೀಟಿಂಗಿನ ಸಮಯ ಎಷ್ಟು ಸಲ ಬದಲಾಯಿತು?

ಮೊದಲ ತೊಡಕು ಎದುರಾದದ್ದು ಕ್ಯಾಲೆಂಡರಿನಲ್ಲೇ. ಅದು ಕೊನೆಗೆ ನಿಂತದ್ದನ್ನು ಮಾತ್ರ ತೋರಿಸುತ್ತದೆ. ಬುಧವಾರ ಹನ್ನೊಂದಕ್ಕೆ ಗ್ರಾಹಕರ ಜೊತೆ ಮೀಟಿಂಗ್ ಎಂದಿದ್ದರೆ ಅದು ಸೋಮವಾರದಿಂದ ಮಂಗಳವಾರಕ್ಕೆ, ಅಲ್ಲಿಂದ ಬುಧವಾರ ಒಂಬತ್ತಕ್ಕೆ, ಆಮೇಲೆ ಹನ್ನೊಂದಕ್ಕೆ ಬಂದದ್ದರ ಸುಳಿವೇ ಇರುವುದಿಲ್ಲ. ರದ್ದಾದದ್ದಂತೂ ಪುಟದಿಂದಲೇ ಮಾಯ. ಇ.ಎ. ಪಟ್ಟ ಪಾಡೆಲ್ಲ ಈ ಅಳಿಸಿಹೋದ ಭಾಗದಲ್ಲಿರುತ್ತದೆ.

ಹಳೆಯದನ್ನು ಅಷ್ಟಿಷ್ಟು ಹುಡುಕಿ ತೆಗೆಯಬಹುದು. ಗೂಗಲ್ ಕ್ಯಾಲೆಂಡರ್ ಬಳಸುವ ಕಚೇರಿಗಳಲ್ಲಿ ಸಮಯ ಬದಲಾದಾಗ ಹೋಗುವ ಮೇಲ್‌ಗಳ ವಿಷಯದ ಸಾಲಿನಲ್ಲಿ `Updated invitation` ಎಂದಿರುತ್ತದೆ, ರದ್ದಾದರೆ `Canceled event` ಎಂದಿರುತ್ತದೆ. ಕ್ಯಾಲೆಂಡರನ್ನು `.ics` ಕಡತವಾಗಿ ಇಳಿಸಿಕೊಂಡರೆ ಒಂದೊಂದು ಮೀಟಿಂಗಿನ ಕೆಳಗೂ ಹೀಗೊಂದು ಸಾಲು ಸಿಗುತ್ತದೆ:

```
SEQUENCE:4
```

ಮೀಟಿಂಗಿನಲ್ಲಿ ಮುಖ್ಯ ಬದಲಾವಣೆ ಆದಾಗೆಲ್ಲ ಈ ಸಂಖ್ಯೆ ಏರುತ್ತದೆ. ಆದರೆ ಇದನ್ನೇ ಎಣಿಕೆ ಎಂದು ಹಿಡಿಯುವ ಹಾಗಿಲ್ಲ. ಸಮಯ ಬಿಟ್ಟು ಬೇರೆ ಬದಲಾವಣೆಗೂ ಅದು ಏರಬಹುದು. ಫೋನಿನಲ್ಲೇ ನಾಲ್ಕು ಸಲ ಮಾತಾಡಿ ಕೊನೆಗೊಮ್ಮೆ ಬದಲಿಸಿದ್ದರೆ ಏರುವುದು ಒಂದೇ ಅಂಕಿ. ಯಾವ ಮೀಟಿಂಗ್‌ಗಳು ಹೆಚ್ಚು ಅಲೆದಾಡಿವೆ ಎಂದು ಊಹಿಸಲು ಮಾತ್ರ ಇದು ಸಾಕು.

ಹಾಗಾಗಿ ಅವರು ಮುಂದಿನ ನಾಲ್ಕು ವಾರಗಳನ್ನು ಕೈಯಾರೆ ಬರೆದರು. ಮೇಜಿನ ಮೇಲೆ ಒಂದು ನೋಟ್‌ಬುಕ್, ಪುಟಕ್ಕೆ ನಾಲ್ಕು ಕಾಲಂ: ಯಾವ ಬಗೆಯ ಮೀಟಿಂಗ್, ಬದಲಾವಣೆ ಕೇಳಿದವರು ಯಾರು, ಕಾರಣವೇನು, ಎಷ್ಟು ಜನರಿಗೆ ತಿಳಿಸಬೇಕಾಯಿತು. ನಿಮಿಷ ಬರೆಯುವ ಕಾಲಂ ಮೊದಲ ವಾರ ಇತ್ತು, ಎರಡನೇ ವಾರ ಕೈಬಿಟ್ಟರು. ಒಂದು ಬದಲಾವಣೆಯ ಕೆಲಸ ಒಂದೇ ಬಾರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ ಫೋನು, ಮಧ್ಯಾಹ್ನ ಉತ್ತರ, ಸಂಜೆ ಮತ್ತೆ ಕಾರಿನ ವ್ಯವಸ್ಥೆ ಎಂದು ಚೂರುಚೂರಾಗಿ ನಡೆಯುತ್ತದೆ. ಆ ಚೂರುಗಳನ್ನು ಕೂಡಿಸಿ ಬರೆದ ನಿಮಿಷ ಊಹೆಯೇ ಆಗಿರುತ್ತದೆ. ಬದಲಾವಣೆ ಎಷ್ಟಾಯಿತು ಎಂಬುದು ಎಣಿಸಬಹುದಾದ ಸಂಗತಿ. ಅದನ್ನೇ ಇಟ್ಟುಕೊಂಡರು.

ನಾಲ್ಕು ವಾರಕ್ಕೆ 118 ಮೀಟಿಂಗ್ ನಡೆದವು, 71 ಬದಲಾವಣೆಗಳಾದವು. ನೂರು ಮೀಟಿಂಗಿಗೆ 60 ಬದಲಾವಣೆ. ಈ ಸಂಖ್ಯೆಗಿಂತ ಕಾರಣದ ಕಾಲಂ ಅವರಿಗೆ ಹೆಚ್ಚು ಹೇಳಿತು. 71ರಲ್ಲಿ 29 ಬದಲಾವಣೆಗಳ ಬೇರು ಒಂದೇ ಕಡೆ ಇತ್ತು: ಸೋಮವಾರ ಮತ್ತು ಗುರುವಾರ ಬೆಳಿಗ್ಗೆಯ ಉತ್ಪಾದನಾ ಪರಿಶೀಲನೆ. ಒಂದು ಗಂಟೆಗೆಂದು ಇಟ್ಟ ಆ ಸಭೆ ಒಂದೂವರೆ ಗಂಟೆ ದಾಟುತ್ತಿತ್ತು. ಅದರ ಹಿಂದೆಯೇ ಇಟ್ಟ ಮೂರು ನಾಲ್ಕು ಭೇಟಿಗಳು ಸಾಲಾಗಿ ಮುಂದೆ ಹೋಗುತ್ತಿದ್ದವು. ಸಭೆ ಬೆಳೆಯುತ್ತಿದ್ದುದು ಮಾತು ಜಾಸ್ತಿಯಾಗಿ ಅಲ್ಲ. ಹಿಂದಿನ ವಾರದ ಅಂಕಿಗಳನ್ನು ಸಭೆಯಲ್ಲೇ ಕೂತು ಹುಡುಕುತ್ತಿದ್ದರು.

ಅವರು ಮಾಡಿದ್ದು ಎರಡು ಸಣ್ಣ ಕೆಲಸ. ಸೋಮವಾರದ ಸಭೆಯ ಅಂಕಿಗಳು ಶನಿವಾರ ಸಂಜೆಯೊಳಗೆ, ಗುರುವಾರದ್ದು ಬುಧವಾರ ಸಂಜೆಯೊಳಗೆ ಎಂ.ಡಿ.ಯವರ ಮೇಲ್‌ಗೆ ಬರಬೇಕೆಂದು ಪ್ಲಾಂಟ್ ಮ್ಯಾನೇಜರ್ ಜೊತೆ ಮಾತಾಡಿ ಒಪ್ಪಿಸಿದರು. ಸಭೆಯನ್ನು ಊಟದ ಮುಂಚಿನ ಹೊತ್ತಿಗೆ ಸರಿಸಿದರು. ಆಗ ಅದು ಬೆಳೆದರೂ ತಿನ್ನುವುದು ಊಟದ ಬಿಡುವನ್ನು, ಹೊರಗಿನವರ ಹೊತ್ತನ್ನಲ್ಲ. ಆಮೇಲಿನ ನಾಲ್ಕು ವಾರ ಮತ್ತೆ ಅದೇ ನೋಟ್‌ಬುಕ್. 112 ಮೀಟಿಂಗ್, 38 ಬದಲಾವಣೆ. ನೂರಕ್ಕೆ 34.

ಇಲ್ಲಿಗೆ ನಿಲ್ಲಿಸಿದ್ದರೆ ಲೆಕ್ಕ ಕಚ್ಚಾ ಆಗುತ್ತಿತ್ತು. ಮಾರ್ಚ್ ತಿಂಗಳನ್ನು ಮೇ ತಿಂಗಳಿನೊಂದಿಗೆ ಹೋಲಿಸಿದರೆ ಯಾರೇನೂ ಮಾಡದಿದ್ದರೂ ಬದಲಾವಣೆ ಇಳಿಯುತ್ತದೆ. ಹಣಕಾಸು ವರ್ಷದ ಕೊನೆಯ ಗಡಿಬಿಡಿ ಮುಗಿದಿರುತ್ತದಷ್ಟೆ. ಎಂ.ಡಿ. ಹತ್ತು ದಿನ ಜರ್ಮನಿಗೆ ಹೋಗಿದ್ದರೂ ಇಳಿಯುತ್ತದೆ. ತ್ರೈಮಾಸಿಕದ ಕೊನೆ, ಬೋರ್ಡ್ ಮೀಟಿಂಗ್, ದೊಡ್ಡ ಪ್ರವಾಸ ಇವು ಮೂರೂ ಎರಡು ಅವಧಿಗಳಲ್ಲಿ ಒಂದೇ ತೆರನಾಗಿವೆಯೇ ಎಂದು ಅವರು ನೋಡಿಕೊಂಡರು. ಕೆಲವು ತಿಂಗಳ ನಂತರ ಇನ್ನೊಂದು ನಾಲ್ಕು ವಾರ ಬರೆದಾಗ 36 ಬಂತು. ಆಗ ಆ ಇಳಿತ ನಿಂತಿದೆ ಎಂದು ನಂಬಿದರು. ಒಂದು ಸಲ ಕಂಡ ಇಳಿತವನ್ನು ಪ್ರೊಫೈಲಿಗೆ ಏರಿಸುವವರು ಬಹಳ. ಆರು ತಿಂಗಳ ನಂತರ ಅದು ಮೊದಲಿನಂತೆಯೇ ಆಗಿದ್ದರೆ ಸಂದರ್ಶನದಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಸಹಿಗೆ ಕಾಯುವ ಬಿಲ್ಲುಗಳು

ವೆಂಡರ್ ಕೆಲಸದಲ್ಲಿ ಅವರ ಕೈಗೆ ಸಿಕ್ಕ ಸಂಗತಿ ಇನ್ನೂ ಗಟ್ಟಿಯಾದದ್ದು. ಪೀಣ್ಯದ ಕಂಪನಿ ಎಂದರೆ ಸುತ್ತಲಿನ ಸಣ್ಣ ಘಟಕಗಳಿಂದ ಜಾಬ್ ವರ್ಕ್ ಮಾಡಿಸುವುದು ಇದ್ದದ್ದೇ. ಜೊತೆಗೆ ಹೌಸ್‌ಕೀಪಿಂಗ್, ಕ್ಯಾಬ್, ಮುದ್ರಣದವರು. ಇವರ ಪೈಕಿ 50,000 ರೂಪಾಯಿ ಮೀರಿದ ಬಿಲ್ಲುಗಳಿಗೆ ಎಂ.ಡಿ.ಯವರ ಸಹಿ ಬೇಕು. ಬಿಲ್ಲು ಎಲ್ಲಿದೆ ಎಂದು ವೆಂಡರ್‌ಗಳು ಫೋನು ಮಾಡುತ್ತಿದ್ದುದು ಇ.ಎ.ಗೇ.

ಈ ಕಾಯುವಿಕೆಗೆ ಕಾನೂನಿನ ಗಡಿಯೊಂದಿದೆ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ, ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಅದೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಬಂದ ಮೇಲೆ ಇನ್ನೊಂದು ಬಿಸಿಯೂ ತಟ್ಟಿದೆ. ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. ಹಾಗಾಗಿ 45 ದಿನಗಳಲ್ಲಿ ಎಷ್ಟು ದಿನ ಎಂ.ಡಿ.ಯವರ ಮೇಜಿನ ಮೇಲೆಯೇ ಕಳೆಯುತ್ತದೆ ಎಂಬುದು ಹಣದ ಪ್ರಶ್ನೆ.

ಹಳೆಯ ಅಂಕಿ ಸಿಗುವ ಜಾಗ ಇತ್ತು. ಬಿಲ್ಲು ಬಂದ ದಿನವೂ ಎಂ.ಡಿ.ಯವರ ಮೇಜಿಗೆ ಹೋದ ದಿನವೂ ಇನ್‌ವರ್ಡ್ ರಿಜಿಸ್ಟರಿನಲ್ಲಿವೆ, ಸಹಿಯ ದಿನ ಬಿಲ್ಲಿನ ಮೇಲಿದೆ. ಮೂರು ತಿಂಗಳಲ್ಲಿ ಬಂದ 110 ಬಿಲ್ಲುಗಳಲ್ಲಿ 64ಕ್ಕೆ ಮಾತ್ರ ಮೂರೂ ದಿನಾಂಕ ಇದ್ದವು. ಉಳಿದವಕ್ಕೆ ಸಹಿ ಇತ್ತು, ಕೆಳಗೆ ದಿನಾಂಕ ಇರಲಿಲ್ಲ. ಅವನ್ನು ಅಂದಾಜಿನಿಂದ ತುಂಬದೆ 64ರ ಲೆಕ್ಕವನ್ನಷ್ಟೇ ಮಾಡಿದರು. ಸರಾಸರಿಯನ್ನೂ ತೆಗೆಯಲಿಲ್ಲ. ತಕರಾರಿನಲ್ಲಿ ಸಿಕ್ಕಿಕೊಂಡ ಒಂದೆರಡು ಬಿಲ್ಲು ಮೂರು ತಿಂಗಳು ಕೊಳೆತಿದ್ದರೆ ಸರಾಸರಿ ಸುಮ್ಮನೆ ಉಬ್ಬುತ್ತದೆ. ದಿನಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಟ್ಟನಡುವಿನದನ್ನು ತೆಗೆದುಕೊಂಡರು, ಶಾಲೆಯಲ್ಲಿ ಕಲಿತ ಮಧ್ಯಾಂಕ. ಎಂ.ಡಿ.ಯವರ ಮೇಜಿಗೆ ಬಂದಲ್ಲಿಂದ ಸಹಿಯವರೆಗೆ 19 ದಿನ.

ಎಂ.ಡಿ. ಸೋಮಾರಿಯೇನಲ್ಲ. ಬಾಕಿ ಬಿದ್ದ ಬಿಲ್ಲುಗಳನ್ನು ಬಿಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚಿನವಕ್ಕೆ ಪರ್ಚೇಸ್ ಆರ್ಡರಿನ ಪ್ರತಿಯೋ, ಸರಕು ಬಂದದ್ದಕ್ಕೆ ಸ್ಟೋರ್ಸ್ ಕೊಡುವ, ಕಾರ್ಖಾನೆಯವರು ಜಿ.ಆರ್.ಎನ್. ಎನ್ನುವ ಚೀಟಿಯೋ ಇರಲಿಲ್ಲ. ಆಧಾರವಿಲ್ಲದ ಬಿಲ್ಲಿಗೆ ಸಹಿ ಹಾಕಲು ಮನಸ್ಸು ಬಾರದೆ ಅವರು ಪಕ್ಕಕ್ಕಿಡುತ್ತಿದ್ದರು. ಇ.ಎ. ಹೊಸ ನಿಯಮ ತಂದರು: ಎರಡೂ ಕಾಗದ ಇಲ್ಲದ ಬಿಲ್ಲು ಎಂ.ಡಿ.ಯವರ ಮೇಜಿಗೆ ಹೋಗುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಊಟದ ಮುಂಚೆ ಇಪ್ಪತ್ತು ನಿಮಿಷ ಸಹಿಗೇ ಮೀಸಲು, ಹಳೆಯ ಬಿಲ್ಲು ಮೇಲೆ. ಎರಡು ತಿಂಗಳಲ್ಲಿ 19 ದಿನ 4ಕ್ಕೆ ಇಳಿಯಿತು.

ಈ ಸಂಖ್ಯೆ ಕೈಗೆ ಬಂದಾಗ ಅವರು ಪ್ರೊಫೈಲಿಗೆ ಏರಿಸಲಿಲ್ಲ ಎಂಬುದು ನನಗೆ ಬಹಳ ಮೆಚ್ಚುಗೆಯಾಯಿತು. ವೆಂಡರ್‌ಗಳ ಫೋನು ಕಡಿಮೆಯಾಗಿರಲಿಲ್ಲ. ಮೇಜಿನ ಮೇಲಿನ ಕಾಯುವಿಕೆ 15 ದಿನ ಇಳಿದಿದ್ದರೆ ಫೋನುಗಳೂ ಇಳಿಯಬೇಕಿತ್ತಲ್ಲ? ಲೆಕ್ಕವನ್ನು ಮೇಜಿನಿಂದಲ್ಲ, ಇನ್‌ವರ್ಡ್ ರಿಜಿಸ್ಟರಿನಿಂದ ಶುರು ಮಾಡಿ ನೋಡಿದರು. ಮೊದಲು 26 ದಿನ ಇದ್ದದ್ದು ಈಗ 21. ಕಾಗದವಿಲ್ಲದ ಬಿಲ್ಲುಗಳು ಎಂ.ಡಿ.ಯವರ ಮೇಜು ಬಿಟ್ಟು ಸ್ಟೋರ್ಸಿನ ಟ್ರೇಯಲ್ಲಿ ಕೂತಿದ್ದವು. ಕಾಯುವಿಕೆ ಜಾಗ ಬದಲಿಸಿತ್ತು, ಹೋಗಿರಲಿಲ್ಲ.

ಕಚೇರಿಯ ಸುಧಾರಣೆಗಳನ್ನು ಅಳೆಯುವಾಗ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ಎಡವಟ್ಟು ಇದೇ. ಗಡಿಯಾರವನ್ನು ತಮ್ಮ ಮೇಜಿನಿಂದ ಶುರು ಮಾಡಿದರೆ ಪಕ್ಕದ ಮೇಜಿಗೆ ತಳ್ಳಿದ್ದೆಲ್ಲ ಸುಧಾರಣೆಯಾಗಿ ಕಾಣುತ್ತದೆ. ಇದನ್ನು ಪತ್ತೆ ಹಚ್ಚಲು ಕೆಲಸ ಕಚೇರಿಯ ಬಾಗಿಲು ಹೊಕ್ಕ ದಿನದಿಂದ ಹೊರಟ ದಿನದವರೆಗೆ ಎಣಿಸಬೇಕು. ಹೊರಗೆ ಕಾಯುತ್ತಿರುವವರ ಫೋನು ಕಡಿಮೆಯಾಯಿತೇ ಎಂದೂ ನೋಡಬೇಕು. ಇ.ಎ. ಸ್ಟೋರ್ಸಿನವರ ಜೊತೆ ಕೂತು ಸರಕು ಗೇಟಿನಲ್ಲಿ ಇಳಿದ ದಿನವೇ ಜಿ.ಆರ್.ಎನ್. ಮಾಡಿ ಬಿಲ್ಲಿಗೆ ಪಿನ್ ಮಾಡುವ ಪದ್ಧತಿ ತಂದರು. ಅದಕ್ಕೆ ಪ್ಲಾಂಟ್ ಮ್ಯಾನೇಜರ್ ಬಾಯಿಂದ ಒಂದು ಮಾತು ಹೇಳಿಸಬೇಕಾಯಿತು. ಮುಂದಿನ ಮೂರು ತಿಂಗಳ ಮಧ್ಯಾಂಕ 12 ದಿನ. ಪ್ರೊಫೈಲಿಗೆ ಹೋದದ್ದು 26ರಿಂದ 12. 19ರಿಂದ 4 ಎನ್ನುವುದು ನೋಡಲು ಚೆಂದವಿತ್ತು, ಆದರೆ ಸರಿಯಿರಲಿಲ್ಲ.

ಇದರಿಂದ ಕಂಪನಿ 45 ದಿನದ ಕಾನೂನು ಪಾಲಿಸಿತು ಎಂದು ಹೇಳುವ ಹಾಗೂ ಇಲ್ಲ. ಕಾನೂನಿನ ದಿನ ಎಣಿಕೆ ಶುರುವಾಗುವುದು ಸರಕು ಅಥವಾ ಸೇವೆಯನ್ನು ಒಪ್ಪಿಕೊಂಡ ದಿನದಿಂದ, ಬಿಲ್ಲು ರಿಜಿಸ್ಟರಿಗೆ ಬಂದ ದಿನದಿಂದಲ್ಲ. ಸಹಿಯ ನಂತರ ಬ್ಯಾಂಕಿಗೆ ಹೋಗುವ ದಿನಗಳು ಬೇರೆ. ಅವರು ಹೇಳಿದ್ದು ತಮ್ಮ ಪಾಲಿನ ತುಂಡನ್ನು ಮಾತ್ರ.

ವಿಮಾನ ಟಿಕೆಟಿನ ತೆರಿಗೆ

ಮೂರನೆಯದು ಟ್ರಾವೆಲ್. ಎಕಾನಮಿ ವಿಮಾನ ಟಿಕೆಟಿನ ಮೇಲೆ ಶೇ 5ರಷ್ಟು ಜಿ.ಎಸ್.ಟಿ. ಇದೆ. ಕಂಪನಿಯ ಕೆಲಸಕ್ಕೆ ಹೋದ ಪ್ರಯಾಣವಾದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಮರಳಿ ಪಡೆಯಬಹುದು. ಆದರೆ ಬುಕ್ ಮಾಡುವಾಗ ಕಂಪನಿಯ ಜಿ.ಎಸ್.ಟಿ. ಸಂಖ್ಯೆ ಕೊಟ್ಟಿರಬೇಕು. ರಾತ್ರಿ ಹತ್ತಕ್ಕೆ ಮಾರಾಟ ವಿಭಾಗದವರೊಬ್ಬರು ತಮ್ಮ ಸ್ವಂತ ಮೊಬೈಲ್ ಆ್ಯಪಿನಲ್ಲಿ ನಾಳೆಯ ಟಿಕೆಟ್ ತೆಗೆದರೆ ಆ ಸಂಖ್ಯೆ ಹೋಗುವುದಿಲ್ಲ. ವಿಮಾನ ಸಂಸ್ಥೆ ಸಲ್ಲಿಸುವ ವಿವರದಲ್ಲಿ ಕಂಪನಿಯ ಹೆಸರಿರುವುದಿಲ್ಲ, ತಿಂಗಳ `GSTR-2B` ಪಟ್ಟಿಯಲ್ಲಿ ಆ ತೆರಿಗೆ ಕಾಣಿಸುವುದೇ ಇಲ್ಲ. ಟ್ರಾವೆಲ್ ಏಜೆಂಟ್ ಕೊಡುವ ಬಿಲ್ಲಿನಲ್ಲಿ ಇರುವ ಜಿ.ಎಸ್.ಟಿ. ಅವನ ಸೇವಾ ಶುಲ್ಕದ್ದು. ಟಿಕೆಟಿನದಕ್ಕೆ ವಿಮಾನ ಸಂಸ್ಥೆಯ ಬಿಲ್ಲೇ ಬೇಕು.

ಅವರು ಏಜೆಂಟರಿಗೆ ಕಂಪನಿಯ ಸಂಖ್ಯೆಯನ್ನೂ ಬಿಲ್ಲುಗಳು ಬಂದು ಬೀಳಲು ಒಂದೇ ಮೇಲ್ ವಿಳಾಸವನ್ನೂ ಕೊಟ್ಟರು, ಸ್ವಂತವಾಗಿ ಬುಕ್ ಮಾಡುವುದನ್ನು ನಿಲ್ಲಿಸಿದರು, ತಿಂಗಳ ಕೊನೆಗೆ ಅಕೌಂಟ್ಸಿನವರೊಂದಿಗೆ ಪಟ್ಟಿ ತಾಳೆ ನೋಡಿದರು. ಮೊದಲಿನ ಆರು ತಿಂಗಳಲ್ಲಿ ಟಿಕೆಟುಗಳ ಮೇಲೆ ಕಟ್ಟಿದ 64,000 ರೂಪಾಯಿ ತೆರಿಗೆಯಲ್ಲಿ 19,000 ಮಾತ್ರ ಮರಳಿತ್ತು. ನಂತರದ ಆರು ತಿಂಗಳಲ್ಲಿ 71,000ಕ್ಕೆ 65,000 ಮರಳಿತು. ಹೋಟೆಲುಗಳನ್ನು ಈ ಲೆಕ್ಕಕ್ಕೆ ಸೇರಿಸಲಿಲ್ಲ. ಪುಣೆಯ ಹೋಟೆಲು ಹಾಕುವುದು ಮಹಾರಾಷ್ಟ್ರದ ತೆರಿಗೆ, ಅಲ್ಲಿ ನೋಂದಣಿ ಇಲ್ಲದ ಬೆಂಗಳೂರಿನ ಕಂಪನಿಗೆ ಅದು ಮರಳುವುದಿಲ್ಲ. 'ಟ್ರಾವೆಲ್ ತೆರಿಗೆಯೆಲ್ಲ ಉಳಿಸಿದೆ' ಎಂದು ಬರೆದರೆ ಅಕೌಂಟ್ಸ್ ಬಲ್ಲವರು ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ.

ಅಕೌಂಟ್ಸ್ ಮ್ಯಾನೇಜರ್ ಹತ್ತಿರ ಅಂಕಿ ಕೇಳಲು ಹೋದಾಗ ನಡೆದ ಮಾತನ್ನು ಅವರು ಹೇಳಿದರು.

"ಏನಮ್ಮಾ, ಕ್ರೆಡಿಟ್ ತಗೊಂಡಿದ್ದು ನಾವಲ್ವಾ? ರಿಟರ್ನ್ ಫೈಲ್ ಮಾಡಿದ್ದು ನಮ್ಮ ಹುಡುಗರು."

"ಹೌದು ಸರ್. ಫೈಲ್ ಮಾಡಿದ್ದು ನೀವೇ. ಬಿಲ್ ಬರೋ ಹಾಗೆ ಮಾಡಿದ್ದು ನಾನು. ಹಾಗಂತಲೇ ಬರೀತೀನಿ, ಆಗಬಹುದಾ?"

"ಹಾಗಾದ್ರೆ ಸರಿ. ಬರ್ಕೊಳ್ಳಿ, ಯಾರಾದ್ರೂ ಕೇಳಿದ್ರೆ ನಾನೂ ಹೇಳ್ತೀನಿ."

ಇ.ಎ.ಯ ಕೆಲಸ ಬಹುಪಾಲು ಇನ್ನೊಬ್ಬರ ಕೆಲಸದ ಒಳಗೆ ನಡೆಯುವಂಥದ್ದು. ಪಾಲು ಯಾರದು ಎಷ್ಟು ಎಂದು ಹೀಗೆ ಮೊದಲೇ ಮಾತಾಡಿಕೊಂಡರೆ, ಹೊಸ ಕಂಪನಿಯವರು ಹಳೆಯ ಸಹೋದ್ಯೋಗಿಗೆ ಫೋನು ಮಾಡಿದಾಗ ಎರಡು ಕಡೆಯ ಮಾತೂ ಒಂದೇ ಆಗಿರುತ್ತದೆ.

ಬರೆಯದೆ ಬಿಟ್ಟದ್ದು

ಮುಖ್ಯಸ್ಥರ ಗಂಟೆಗಳನ್ನು ಉಳಿಸಿದೆ, ಅದಕ್ಕೆ ಇಷ್ಟು ಲಕ್ಷ ಬೆಲೆ ಎಂದು ಬರೆಯುವ ಪದ್ಧತಿ ಬಹಳ ಇದೆ. ಅದರ ಹಿಂದೆ ಮೆಲ್ಬಾ ಡಂಕನ್ 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಮಾಡಿ ತೋರಿಸಿದಂಥ ಲೆಕ್ಕವಿದೆ: ವರ್ಷಕ್ಕೆ ಹತ್ತು ಲಕ್ಷ ಡಾಲರ್ ಪಡೆಯುವ ಮುಖ್ಯಸ್ಥರಿಗೆ 80,000 ಡಾಲರಿನ ಸಹಾಯಕಿ ಇದ್ದರೆ, ಮುಖ್ಯಸ್ಥರ ಕೆಲಸ ಶೇ 8ರಷ್ಟು ಹೆಚ್ಚಿದರೆ ಆ ಸಂಬಳ ಗಿಟ್ಟಿದ ಹಾಗೆ. ಅರವತ್ತು ಗಂಟೆಯ ವಾರದಲ್ಲಿ ಅದು ಐದು ಗಂಟೆಯ ಆಸುಪಾಸು. ಹುದ್ದೆ ಬೇಕೇ ಬೇಡವೇ ಎಂದು ಕಂಪನಿ ತೀರ್ಮಾನಿಸಲು ಆ ಲೆಕ್ಕ ಒಳ್ಳೆಯದೇ. ಆದರೆ ನಿರ್ದಿಷ್ಟ ವ್ಯಕ್ತಿಯೊಬ್ಬರು ಐದು ಗಂಟೆ ಉಳಿಸಿದರು ಎಂಬುದಕ್ಕೆ ದಾಖಲೆ ಎಲ್ಲಿಂದ ಬರಬೇಕು? ಬಿಡುವಾದ ಗಂಟೆ ಬಿಡುವಾಗಿ ಉಳಿಯುವುದಿಲ್ಲ, ಅಲ್ಲಿ ಇನ್ನೊಂದು ಮೀಟಿಂಗ್ ಬಂದು ಕೂರುತ್ತದೆ. ಎಂ.ಡಿ.ಯ ಸಂಬಳವನ್ನು ಗಂಟೆಗೆ ಭಾಗಿಸಿ ಗುಣಿಸಿದ ಲಕ್ಷಗಳನ್ನು ಪ್ರೊಫೈಲಿನಲ್ಲಿ ಕಂಡರೆ ನಾನು ಆ ಸಾಲನ್ನು ದಾಟಿ ಮುಂದೆ ಹೋಗುತ್ತೇನೆ. ಎಂ.ಡಿ.ಯ ಸಂಬಳವನ್ನು ಹೊರಗೆ ಹೇಳಿದರಲ್ಲ ಎಂಬ ಕಸಿವಿಸಿಯೂ ಆಗುತ್ತದೆ.

ಗುಟ್ಟಿನ ಮಾತು ಬಂತಾದ್ದರಿಂದ ಇದನ್ನೂ ಹೇಳಬೇಕು. ಷೇರುಪೇಟೆಯಲ್ಲಿ ನೋಂದಾದ ಕಂಪನಿಗಳಲ್ಲಿ ಬೆಲೆಯನ್ನು ಅಲುಗಿಸಬಲ್ಲ ಒಳಸುದ್ದಿ ಗೊತ್ತಿರುವ ಕಾರ್ಯದರ್ಶಿ ಸಿಬ್ಬಂದಿಯನ್ನೂ 2015ರ ಸೆಬಿ ಒಳವ್ಯಾಪಾರ ನಿಷೇಧ ನಿಯಮಗಳು ಕಟ್ಟುಪಾಡಿನೊಳಗೆ ತರುತ್ತವೆ. 'ಕಂಪನಿ ಖರೀದಿಯ ಮಾತುಕತೆಗೆ ಮೂರು ತಿಂಗಳಲ್ಲಿ 22 ಸಭೆ ಏರ್ಪಡಿಸಿದೆ' ಎಂಬ ಸಾಲು ಅಂಥವರಿಂದ ಹೊರಬಿದ್ದರೆ ಅದು ಹೆಮ್ಮೆಯ ಸಂಗತಿಯಾಗಿ ಉಳಿಯುವುದಿಲ್ಲ. ಪೀಣ್ಯದ ಕಂಪನಿ ನೋಂದಾದದ್ದಲ್ಲ. ಆದರೂ ಅವರು ಕ್ಯಾಲೆಂಡರಿನ ಕಡತವನ್ನು ಮನೆಯ ಕಂಪ್ಯೂಟರಿಗೆ ಒಯ್ಯಲಿಲ್ಲ. ಕಚೇರಿಯಲ್ಲೇ ಎಣಿಸಿ, ಹೆಸರಿಲ್ಲದ ಎಣಿಕೆಯನ್ನಷ್ಟೇ ಇಟ್ಟುಕೊಂಡರು. ನೋಟ್‌ಬುಕ್ಕಿನಲ್ಲಿ ಗ್ರಾಹಕರ ಹೆಸರಿನ ಬದಲು 'ಹೊರಗಿನವರು' ಎಂದಷ್ಟೇ ಇತ್ತು.

ನೂರಕ್ಕೆ 60 ಬದಲಾವಣೆ ಎಂದರೆ ಎಂ.ಡಿ.ಗೆ ಶಿಸ್ತಿಲ್ಲ ಎಂದು ಓದಿಕೊಳ್ಳುವವರಿರುತ್ತಾರೆ. ಹಾಗಾಗಿ ಆ ಸಾಲನ್ನು ಬರೆಯುವ ಮೊದಲು ಎಂ.ಡಿ.ಯವರಿಗೇ ತೋರಿಸಿದರು. ಅವರು ಓದಿ, 'ಎಂ.ಡಿ.' ಎಂದಿದ್ದಲ್ಲಿ 'ಎಂ.ಡಿ. ಕಚೇರಿ' ಎಂದು ತಿದ್ದಿದರು. ಅಷ್ಟೇ. ಕೆಲಸ ಬಿಡುವ ಯೋಚನೆ ಗೊತ್ತಾಗಬಾರದು ಎನ್ನುವವರಿಗೆ ಇದು ಆಗದ ಮಾತು. ಅಂಥವರು ಅಂಕಿಯನ್ನು ವಾರ್ಷಿಕ ಮೌಲ್ಯಮಾಪನದ ಹೊತ್ತಿಗೆ ತಮ್ಮ ವರದಿಯಲ್ಲಿ ಸೇರಿಸಿ ಕೊಡಬಹುದು. ಆಗ ಅದು ಕಂಪನಿ ಕಂಡು ಒಪ್ಪಿದ ಸಂಖ್ಯೆಯಾಗುತ್ತದೆ. ಹೊರಗೆ ಹಾಕಬಹುದೇ ಎಂದು ಕೇಳುವುದು ಬೇರೆ ಮಾತು, ಅದನ್ನು ಕೇಳಲೇಬೇಕು.

ಎಣಿಕೆಗೆ ಸಿಗದ್ದೂ ಇತ್ತು. ಜಪಾನಿನ ಗ್ರಾಹಕರ ತಂಡ ಬರುವ ಮೊದಲು ಅವರ ಊಟ ತಿಂಡಿಯ ಕಟ್ಟುನಿಟ್ಟು ವಿಚಾರಿಸಿ ಅಡುಗೆಯವರಿಗೆ ಹೇಳಿದ್ದು, ಇಬ್ಬರು ನಿರ್ದೇಶಕರು ಮಾತು ಬಿಟ್ಟಿದ್ದಾಗ ಅವರ ಭೇಟಿಗಳು ಒಂದರ ಹಿಂದೆ ಒಂದು ಬೀಳದ ಹಾಗೆ ನೋಡಿಕೊಂಡದ್ದು. ಆಗದೇ ಹೋದ ಅನಾಹುತಕ್ಕೆ ದಾಖಲೆ ಇರುವುದಿಲ್ಲ. ಇವಕ್ಕೆ ಒಂದು ಸಂಖ್ಯೆ ಹೊಂದಿಸಿ ಬರೆದರೆ ಪಕ್ಕದಲ್ಲಿರುವ ನಿಜವಾದ ಸಂಖ್ಯೆಗಳ ಮೇಲೂ ಅನುಮಾನ ಬರುತ್ತದೆ. ಅವನ್ನು ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಹೇಳಲು ಇಟ್ಟುಕೊಂಡರು.

ಕೊನೆಗೆ ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಬಂದದ್ದು ಮೂರು ಸಾಲು. ಅಲ್ಲಿ ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರ ಮಾತ್ರ ಜಾಗ, ಪರಿಚಯದ ಭಾಗದಲ್ಲೂ ಮೊದಲ ಕೆಲವು ಸಾಲುಗಳಷ್ಟೇ ತೆರೆಯದೆ ಕಾಣುತ್ತವೆ. ಹಾಗಾಗಿ ಬಿಲ್ಲಿನದನ್ನೇ ಮೇಲೆ ಇಟ್ಟರು. ಕನ್ನಡದಲ್ಲಿ ಹೇಳಿದರೆ ಹೀಗೆ: ವೆಂಡರ್ ಬಿಲ್ಲು ಕಂಪನಿಗೆ ಬಂದ ದಿನದಿಂದ ಎಂ.ಡಿ. ಸಹಿಯವರೆಗಿನ ಮಧ್ಯಾಂಕ 26 ದಿನದಿಂದ 12ಕ್ಕೆ ಇಳಿಯಿತು, ಸ್ಟೋರ್ಸ್ ಜೊತೆ ಸೇರಿ ಬಿಲ್ಲಿನ ಕಾಗದಗಳ ಕ್ರಮ ಬದಲಿಸಿದೆ. ಎಂ.ಡಿ. ಕಚೇರಿಯ ಮೀಟಿಂಗ್ ಬದಲಾವಣೆ ನೂರಕ್ಕೆ 60ರಿಂದ 34ಕ್ಕೆ ಇಳಿಯಿತು, ನಾಲ್ಕು ವಾರಗಳ ಮೂರು ಅವಧಿಗಳ ಎಣಿಕೆ. ವಿಮಾನ ಟಿಕೆಟಿನ ಜಿ.ಎಸ್.ಟಿ.ಯಲ್ಲಿ ಮರಳಿದ್ದು ಶೇ 30ರಿಂದ 92ಕ್ಕೆ ಏರಿತು, ಬಿಲ್ಲು ಬರುವ ವ್ಯವಸ್ಥೆ ನನ್ನದು, ಸಲ್ಲಿಕೆ ಅಕೌಂಟ್ಸಿನದು.

ಆ ಪ್ರೊಫೈಲ್ ನೋಡಿ ಕರೆದ ಕಂಪನಿಯೊಂದರಲ್ಲಿ ಸಂದರ್ಶನ ಮಾಡಿದವರು ಕ್ಯಾಲೆಂಡರಿನ ಸಾಲನ್ನು ತೋರಿಸಿ ಕೇಳಿದರಂತೆ, "ನೂರಕ್ಕೆ 34 ಇನ್ನೂ ಉಳಿದಿದೆಯಲ್ಲಾ, ಅದನ್ನ್ಯಾಕೆ ಇಳಿಸಲಿಲ್ಲ?" ಕಾರಣದ ಕಾಲಂ ಬರೆದಿಟ್ಟಿದ್ದರಿಂದ ಅವರಿಗೆ ಉತ್ತರ ಗೊತ್ತಿತ್ತು. ಎರಡನೇ ಅವಧಿಯ 38 ಬದಲಾವಣೆಗಳಲ್ಲಿ 21 ಗ್ರಾಹಕರು ಕೇಳಿದವು. "ಅದನ್ನು ಇಳಿಸೋಕೆ ಹೋಗಿಲ್ಲ ಮೇಡಂ," ಎಂದರಂತೆ. "ಗ್ರಾಹಕರು ನಾಳೆ ಬರ್ತೀವಿ ಅಂದಾಗ ಎಂ.ಡಿ. ಸಿಗೋ ಹಾಗೆ ಮಾಡೋದೇ ನನ್ನ ಕೆಲಸ. ನಾನು ಕಡಿಮೆ ಮಾಡಿದ್ದು ನಮ್ಮೊಳಗಿನ ಸಭೆಗಳಿಂದ ಆಗ್ತಿದ್ದದ್ದನ್ನು." ಅದಾದ ಮೇಲೆ ಅರ್ಧ ಗಂಟೆ ಆ ಕಂಪನಿಯ ಸೋಮವಾರದ ಸಭೆಯ ಬಗ್ಗೆಯೇ ಮಾತು ನಡೆಯಿತಂತೆ.